ಮೇಲಿನ ಮನೆಗಿಲ್ಲದ ಖರ್ಚು

ಆ ಬೀದಿಯವರಿಗೆ ಅವಳು ಕರ್ಟನ್ ಅಕ್ಕ. ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಸುತ್ತಮುತ್ತಲ ಎಷ್ಟೋ ಮನೆಗಳ ಕಿಟಕಿಗಳಲ್ಲಿ ಅವಳು ಹೊಲಿದ ಬಟ್ಟೆ ತೂಗುತ್ತಿತ್ತು. ಅಳತೆಗೆಂದು ಯಾರ ಮನೆಗೆ ಹೋದರೂ ಟೇಪನ್ನು ಕೊರಳಿಂದ ಇಳಿಸುವ ಮೊದಲು ಆ ಕಿಟಕಿಯೆದುರು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು. ಒಳಗೆ ಬರುವ ಬೆಳಕನ್ನು ನೋಡುತ್ತಿದ್ದಳು. ಇಷ್ಟೊಂದು ಬೆಳಕನ್ನು ಇಟ್ಟುಕೊಂಡು ಇವರು ಅದನ್ನು ಮುಚ್ಚುವುದಕ್ಕೆ ನನ್ನನ್ನು ಕರೆಯುತ್ತಾರಲ್ಲ ಎಂದು ಅವಳ ಹೊಟ್ಟೆಯಲ್ಲಿ ಸಣ್ಣಗೆ ಉರಿ ಏಳುತ್ತಿತ್ತು. ಆಮೇಲೆ ನಗುತ್ತಾ, "ನೆರಿಗೆ ಸ್ವಲ್ಪ ದಟ್ಟವಾಗೇ ಇಡೋಣ, ಏನಂತೀರ" ಎನ್ನುತ್ತಿದ್ದಳು.

ಹೊಟ್ಟೆಕಿಚ್ಚು ತನ್ನ ಸ್ವಭಾವ ಎಂಬುದು ಅವಳಿಗೆ ಗೊತ್ತಿತ್ತು. ಕೆಲವರಿಗೆ ಶೀತದ ಮೈ ಇರುತ್ತದಲ್ಲ, ಹಾಗೆ. ಯಾರಿಗೂ ಅದರಿಂದ ಕೆಡುಕಾಗಿರಲಿಲ್ಲ. ಪಕ್ಕದ ಬೀದಿಯ ದರ್ಜಿಗೆ ಹೊಸ ಮೆಷಿನ್ ಬಂದಾಗ ಅವಳು ಎರಡು ಹೊತ್ತು ಸರಿಯಾಗಿ ಉಣ್ಣಲಿಲ್ಲ, ಮೂರನೆಯ ಹೊತ್ತಿಗೆ ಹೋಗಿ ಅವನ ಮೆಷಿನ್ನಿಗೆ ಎಣ್ಣೆ ಎಲ್ಲೆಲ್ಲಿ ಬಿಡಬೇಕೆಂದು ತೋರಿಸಿಕೊಟ್ಟು ಬಂದಳು. ಅವಳ ಹೊಟ್ಟೆಕಿಚ್ಚು ಹೀಗೆ ಬಂದು ಹೀಗೆ ಹೋಗುವಂಥದ್ದು. ತಂಗಿಯ ವಿಷಯವೊಂದನ್ನು ಬಿಟ್ಟು.

ತಂಗಿ ಮೇಲಿನ ಮನೆಯಲ್ಲಿದ್ದಳು. ಅದು ಒಂದರ ಮೇಲೊಂದು ಇರುವ ಎರಡೇ ಮನೆಗಳ ಕಟ್ಟಡ. ಕೆಳಗಿನ ಮನೆಯಲ್ಲಿ ಅಕ್ಕ, ಅವಳ ಗಂಡ, ಮೆಷಿನ್ನು ಮತ್ತು ಬಟ್ಟೆಯ ಥಾನುಗಳು ಎಷ್ಟೋ ವರ್ಷದಿಂದ ಇದ್ದರು. ಮೇಲಿನವರು ಖಾಲಿ ಮಾಡಿದಾಗ ಅಕ್ಕನಿಗೇ ಅಲ್ಲಿಗೆ ಹೋಗಬೇಕೆಂಬ ಆಸೆಯಿತ್ತು. ಅಲ್ಲಿ ಮೂರು ಕಡೆಯಿಂದ ಬಿಸಿಲು. ಆದರೆ ಥಾನುಗಳನ್ನು ಹೊತ್ತು ಆ ಕಿರಿದಾದ ಮೆಟ್ಟಿಲು ಹತ್ತುವವರು ಯಾರು, ಗಿರಾಕಿಗಳು ಹುಡುಕಿಕೊಂಡು ಬರುವುದು ಹೇಗೆ? ಆಗ ತಾನೇ ತಂಗಿಗೆ ಕಣ್ಣಾಸ್ಪತ್ರೆಯೊಂದರ ಸ್ವಾಗತದ ಮೇಜಿನಲ್ಲಿ ಕೆಲಸ ಸಿಕ್ಕಿತ್ತು. ಅವಳು ಒಂಟಿ, ಮನೆ ಹುಡುಕುತ್ತಿದ್ದಳು. ಅಕ್ಕನೇ ಮಾಲೀಕರಿಗೆ ಹೇಳಿ ಕೊಡಿಸಿದಳು. "ನನ್ನ ಮುಖ ನೋಡಿ ನನಗಿರೋ ಬಾಡಿಗೆಗೇ ತಂಗಿಗೂ ಕೊಟ್ರು" ಎಂದು ಗಿರಾಕಿಗಳಿಗೆಲ್ಲ ಹೇಳಿಕೊಂಡಳು. ಸಾಮಾನು ಬಂದ ದಿನ ಹಾಸಿಗೆಯ ಒಂದು ತುದಿಯನ್ನು ತಾನೇ ಹಿಡಿದು ಹತ್ತಿಸಿದಳು. ಮರುದಿನ ಬೆಳಗ್ಗೆ ಬಾಗಿಲಲ್ಲಿ ನಿಂತು ತಲೆ ಎತ್ತಿ ನೋಡಿದರೆ ತಂಗಿ ಬಿಸಿಲಲ್ಲಿ ಕೂದಲು ಒಣಗಿಸುತ್ತಿದ್ದಳು. ಉರಿ ಅಂದು ಶುರುವಾದದ್ದು ಆರಲೇ ಇಲ್ಲ.

ಪ್ರೀತಿ ಇರಲಿಲ್ಲವೆಂದಲ್ಲ. ಸಾರು ಚೆನ್ನಾಗಿ ಬಂದ ದಿನ ಮೊದಲ ಬಟ್ಟಲು ಮೇಲಕ್ಕೆ ಹೋಗುತ್ತಿತ್ತು. ತಂಗಿಗೆ ಅಕ್ಷರ ಚೆನ್ನಾಗಿ ಒಲಿದಿತ್ತು, ಅದರಿಂದ ಅಕ್ಕನ ವ್ಯವಹಾರದ ಪತ್ರಗಳನ್ನೆಲ್ಲ ಅವಳೇ ಬರೆಯುತ್ತಿದ್ದಳು. ಅಕ್ಕನಿಗೊಂದು ಇಮೇಲ್ ಖಾತೆಯನ್ನು ತೆರೆದುಕೊಟ್ಟವಳೂ ಅವಳೇ, ತನ್ನ ಫೋನಿನಲ್ಲಿ ತೆರೆದು ಆಮೇಲೆ ಅಕ್ಕನ ಫೋನಿಗೂ ಹಾಕಿಕೊಟ್ಟಿದ್ದಳು. ಹೋಟೆಲಿನವರಿಗೋ ಶಾಲೆಯವರಿಗೋ ಪರದೆಯ ಲೆಕ್ಕ ಕಳಿಸಬೇಕಾದರೆ ಅಕ್ಕ ಹೇಳುತ್ತಿದ್ದಳು, ತಂಗಿ ಆಸ್ಪತ್ರೆಯ ಮೇಜಿನಲ್ಲಿ ಬಿಡುವಾದಾಗ ಅಲ್ಲಿಂದಲೇ ಕಳಿಸುತ್ತಿದ್ದಳು.

ತಿಂಗಳ ಕೊನೆಯಲ್ಲಿ ಮಾಲೀಕರಿಂದ ಒಂದು ಮೇಲ್ ಬರುವುದು ರೂಢಿ. ಅವರು ನಕ್ಷೆ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾದವರು, ಊರಿನ ಇನ್ನೊಂದು ತುದಿಯಲ್ಲಿದ್ದರು. ಏನಿದ್ದರೂ ಬರವಣಿಗೆಯಲ್ಲಿ ಇರಬೇಕು ಎನ್ನುವ ಮನುಷ್ಯ. ಮುಂದಿನ ತಿಂಗಳ ಬಾಡಿಗೆ ಇಷ್ಟು, ಇಂಥ ತಾರೀಖಿನೊಳಗೆ ಕಟ್ಟಿ ಎಂದು ಒಂದೇ ಸಾಲು ಇರುತ್ತಿತ್ತು. ಅಕ್ಕ ಅದನ್ನು ಓದುವ ಗೋಜಿಗೇ ಹೋಗುತ್ತಿರಲಿಲ್ಲ. ಆ ದಿನ ಮೆಷಿನ್ನಿಗೆ ದಾರ ಪೋಣಿಸುತ್ತಾ ಕಣ್ಣು ಹಾಯಿಸಿದಾಗ ಎರಡು ಸಾಲು ಕಂಡವು.

"ನೋಡ್ರೀ ಇಲ್ಲಿ" ಎಂದು ಗಂಡನ ಮುಂದೆ ಫೋನು ಹಿಡಿದಳು. ಅವನು ಲಿಫ್ಟ್ ರಿಪೇರಿಯವನು. ಕೆಲಸಕ್ಕೆ ಹೊರಡಲು ಬೂಟಿನ ಲೇಸು ಕಟ್ಟುತ್ತಿದ್ದ.

"ಬಾಡಿಗೆ. ಅದರ ಕೆಳಗೆ ನಿರ್ವಹಣಾ ವೆಚ್ಚ. ಏನಿದು ಹೊಸದು?"

"ಅದನ್ನೇ ನಾನೂ ಕೇಳ್ತಿರೋದು. ಯಾವ ನಿರ್ವಹಣೆ? ಬಾಗಿಲ ಚಿಲಕ ಹೋಗಿದ್ದಾಗ ನೀವೇ ತಾನೇ ಹಾಕಿದ್ದು?"

"ಪಂಪಿಂದು ಇರಬೇಕು. ಮೊನ್ನೆ ಹೊಸ ಮೋಟರ್ ಹಾಕಿಸಿದ್ರಲ್ಲ. ಮೆಟ್ಟಿಲ ದೀಪ, ಗುಡಿಸೋಳ ಸಂಬಳ, ಅಂಥದ್ದು."

"ಹೇಳದೇ ಕೇಳದೇ ಸೇರಿಸಿಬಿಡೋದಾ?"

"ಅದು ತಪ್ಪು" ಎಂದ ಗಂಡ, ಎದ್ದು ನಿಂತು. "ಕರಾರು ಪತ್ರ ತೆಗೆದು ನೋಡೋಣ. ಅದಕ್ಕೆ ಮುಂಚೆ ನಿನ್ನ ತಂಗೀನ ಕೇಳು, ಅವಳಿಗೂ ಬಂದಿದೆಯಾ ಅಂತ."

ಆ ಮಾತು ಕೇಳಿದ್ದೇ ಅಕ್ಕನ ಕೈಯ ದಾರ ನಿಂತುಹೋಯಿತು. ಅದು ಅವಳಿಗೆ ಹೊಳೆದೇ ಇರಲಿಲ್ಲ.

ತಂಗಿ ಕೆಲಸಕ್ಕೆ ಹೋಗಲು ಇಳಿದು ಬರುವ ಹೊತ್ತಿಗೆ ಸರಿಯಾಗಿ ಅಕ್ಕ ಬಾಗಿಲಲ್ಲಿ ಬಟ್ಟೆ ಕೊಡವುತ್ತಾ ನಿಂತಳು.

"ಓನರ್ ಮೇಲ್ ಬಂತಾ ನಿಂಗೆ?"

"ಬಂತಕ್ಕ. ತಿಂಗಳಾ ತಿಂಗಳಾ ಬರೋದೇ ಅಲ್ವಾ."

"ಏನಾದ್ರೂ ಹೆಚ್ಚುಕಮ್ಮಿ ಇದೆಯಾ?"

ತಂಗಿ ಚೀಲದೊಳಗೆ ಏನನ್ನೋ ಹುಡುಕಿದಳು. "ಇಲ್ಲಪ್ಪ. ಹೋದ ತಿಂಗಳು ಎಷ್ಟಿತ್ತೋ ಅಷ್ಟೇ. ಯಾಕೆ?"

"ಸುಮ್ನೆ ಕೇಳಿದೆ. ಹೋಗು, ಬಸ್ ತಪ್ಪಿಸ್ಕೋತೀಯ."

ತಂಗಿ ಹೋದಳು. ತಿರುವಿನಲ್ಲಿ ಒಮ್ಮೆ ನಿಂತು ಹಿಂದೆ ನೋಡಿದಂತಾಯಿತು. ಅಕ್ಕ ಕಾಣದವಳ ಹಾಗೆ ಬಟ್ಟೆಯನ್ನು ಮತ್ತೆ ಕೊಡವಿದಳು. ಅದರಲ್ಲಿ ಧೂಳೇನೂ ಇರಲಿಲ್ಲ.

ಹಾಗಾದರೆ ವಿಷಯ ಇದು. ಅಕ್ಕ ಒಳಗೆ ಬಂದು ಮೆಷಿನ್ ಮುಂದೆ ಕುಳಿತಳು, ಪೆಡಲ್ ಒತ್ತಲಿಲ್ಲ. ಕೆಲವು ವಾರಗಳ ಹಿಂದೆ ಮೋಟರ್ ಹಾಕಿಸಲು ಬಂದ ಮಾಲೀಕರು ಟ್ಯಾಂಕ್ ನೋಡಿಕೊಂಡು ಬರುತ್ತೇನೆಂದು ಮೇಲೆ ಹೋಗಿದ್ದರು. ಟ್ಯಾಂಕ್ ನೋಡಲು ಎಷ್ಟು ಹೊತ್ತು ಬೇಕು? ಅಕ್ಕ ಒಂದು ಇಡೀ ಪರದೆಗೆ ಅಂಚು ಮಡಚಿ ಹೊಲಿದರೂ ಅವರು ಇಳಿದಿರಲಿಲ್ಲ. ಲೋಟಗಳ ಸದ್ದು ಕೇಳಿತ್ತು, ತಂಗಿಯ ನಗು ಕೇಳಿತ್ತು. ಇಳಿದು ಬರುವಾಗ ಮಾಲೀಕರ ಮುಖದಲ್ಲೂ ನಗುವಿತ್ತು. ಕೆಳಗಿನ ಮನೆಯಲ್ಲಿ ಅವರು ಒಂದು ದಿನವೂ ಕೂತವರಲ್ಲ. ಕೂರಬೇಕೆಂದರೂ ಎಲ್ಲ ಕುರ್ಚಿಗಳ ಮೇಲೂ ಬಟ್ಟೆ. ತಿಂಗಳು ಮುಗಿಯುವುದರೊಳಗೆ ಕೆಳಗಿನ ಮನೆಗೆ ಖರ್ಚು ಬಿತ್ತು, ಮೇಲಿನ ಮನೆಗೆ ಇಲ್ಲ. ಮೆಟ್ಟಿಲು ಯಾರದ್ದು? ಮೇಲಿನವರದ್ದು. ಮೆಟ್ಟಿಲ ದೀಪ ಯಾರಿಗೆ? ಮೇಲಿನವರಿಗೆ. ದುಡ್ಡು ಯಾರು ಕೊಡಬೇಕು? ಅಕ್ಕ.

ಚಿಕ್ಕಂದಿನಿಂದ ಹೀಗೇ ಆಗಿತ್ತು. ಇಬ್ಬರೂ ಸೇರಿ ಗಾಜಿನ ಹೂಜಿ ಒಡೆದರೆ ಏಟು ಅಕ್ಕನಿಗೆ. ದೊಡ್ಡವಳಲ್ಲವೇ, ಗೊತ್ತಾಗುವುದಿಲ್ಲವೇ? ತಂಗಿ ಅಮ್ಮನ ಸೆರಗಿನ ಹಿಂದಿನಿಂದ ಒದ್ದೆ ಕಣ್ಣಲ್ಲಿ ನೋಡುತ್ತಿದ್ದಳು. ಆ ಕಣ್ಣು ನೋಡಿದರೆ ಏಟು ತಿಂದವಳು ಅವಳೇ ಎನ್ನಿಸಬೇಕು. ಅಕ್ಕನಿಗೆ ಅಳು ಬರುತ್ತಿದ್ದುದು ಏಟಿಗಲ್ಲ, ತಂಗಿ ಅಳುವಾಗಲೂ ಚೆಂದ ಕಾಣುತ್ತಾಳಲ್ಲ ಎಂದು.

ಭಾನುವಾರ ಗಂಡ ಕಬ್ಬಿಣದ ಪೆಟ್ಟಿಗೆಯಿಂದ ಕರಾರು ಪತ್ರ ತೆಗೆದು ನೆಲದ ಮೇಲೆ ಹರಡಿದ. ವರ್ಷವರ್ಷವೂ ನವೀಕರಿಸಿದ ಪತ್ರ, ಅದೇ ಷರತ್ತುಗಳು.

"ಇಗೋ ನೋಡು. ನೀರು, ಪಂಪು, ಹೊರಗಿನ ದೀಪ, ಶುಚಿತ್ವ, ಎಲ್ಲದರ ಖರ್ಚೂ ಬಾಡಿಗೆಯಲ್ಲಿ ಸೇರಿದೆ. ಕರಾರಿನ ಅವಧಿಯಲ್ಲಿ ಏನೇ ಬದಲಾಯಿಸಬೇಕಿದ್ರೂ ಒಂದು ತಿಂಗಳು ಮುಂಚೆ ಬರೆದು ತಿಳಿಸಬೇಕು, ಇಬ್ಬರೂ ಒಪ್ಪಬೇಕು. ನಮ್ಮ ಅವಧಿ ಇನ್ನೂ ಮುಗಿದಿಲ್ಲ. ಸಾಕಲ್ಲ?"

"ಸಾಕು. ಹೇಳಿ, ಬರೀತೀನಿ."

"ನೀನಾ? ತಂಗಿ ಹತ್ರ ಬರೆಸೋದಲ್ವಾ?"

"ನಂಗೂ ಬೆರಳಿವೆ."

ಗಂಡ ಅವಳ ಮುಖ ನೋಡಿದ. ಕೆಟ್ಟ ಲಿಫ್ಟಿನೊಳಗೆ ಸಿಕ್ಕಿಕೊಂಡವರ ಜೊತೆ ಮಾತಾಡಿ ಅಭ್ಯಾಸವಿದ್ದವನು, ಯಾವಾಗ ಏನು ಕೇಳಬಾರದು ಎಂಬುದು ಅವನಿಗೆ ತಿಳಿದಿತ್ತು. "ಒಂದು ಮಾತು" ಎಂದ. "ಬಾಡಿಗೆ ನಿಲ್ಲಿಸಬಾರದು. ನಿಲ್ಲಿಸಿದ್ರೆ ತಪ್ಪು ನಮ್ಮ ತಲೆಗೆ ಬರುತ್ತೆ. ಒಪ್ಪಿಕೊಂಡಿರೋ ಬಾಡಿಗೇನ ತಾರೀಖಿನೊಳಗೆ ಕಟ್ಟಿಬಿಡೋಣ. ಈ ಹೊಸದನ್ನ ಮಾತ್ರ ತಡೆದಿಟ್ಟಿದ್ದೀವಿ ಅಂತ ಅದರಲ್ಲೇ ಬರಿ. ಜಗಳದ ಥರ ಬೇಡ. ಕೇಳೋ ಥರ ಬರಿ."

ಅವನು ಹೇಳಿದ, ಅವಳು ಒಂದು ಬೆರಳಿನಿಂದ ಒತ್ತಿದಳು. ಒಂದೊಂದು ಅಕ್ಷರಕ್ಕೂ ಸೂಜಿ ಚುಚ್ಚಿ ತೆಗೆದಷ್ಟು ಹೊತ್ತು ಹಿಡಿಯಿತು.

'ಮಾನ್ಯರೇ, ಕೆಳಗಿನ ಮನೆಯ ಬಾಡಿಗೆದಾರಳಾದ ನಾನು ತಿಳಿಸುವುದೇನೆಂದರೆ, ಈ ಬಾರಿಯ ತಮ್ಮ ಮೇಲ್‌ನಲ್ಲಿ ಬಾಡಿಗೆಯ ಜೊತೆಗೆ ನಿರ್ವಹಣಾ ವೆಚ್ಚ ಎಂದು ಸೇರಿಸಿದ್ದೀರಿ. ಇದರ ಬಗ್ಗೆ ನನಗೆ ಮೊದಲು ಯಾವ ತಿಳಿವಳಿಕೆಯೂ ಬಂದಿಲ್ಲ. ನಮ್ಮ ಕರಾರಿನಂತೆ ಈ ಖರ್ಚುಗಳು ಬಾಡಿಗೆಯಲ್ಲೇ ಸೇರಿವೆ, ಬದಲಾವಣೆಗೆ ಒಂದು ತಿಂಗಳು ಮುಂಚಿತವಾಗಿ ಬರೆದು ತಿಳಿಸಬೇಕೆಂದಿದೆ. ಆ ಪುಟದ ಫೋಟೋ ಲಗತ್ತಿಸಿದ್ದೇನೆ. ಈ ವೆಚ್ಚ ಯಾವುದಕ್ಕೆ, ಯಾವ ಆಧಾರದ ಮೇಲೆ ಹಂಚಿದ್ದು, ಯಾವಾಗಿನಿಂದ ಎಂಬುದನ್ನು ಬಿಲ್ಲುಗಳ ಸಮೇತ ತಿಳಿಸಬೇಕಾಗಿ ಕೋರಿಕೆ. ಕರಾರಿನ ಬಾಡಿಗೆಯನ್ನು ಎಂದಿನಂತೆ ಕಟ್ಟುತ್ತಿದ್ದೇನೆ. ಹೆಚ್ಚುವರಿಯನ್ನು ಮಾತ್ರ ತಮ್ಮ ಉತ್ತರ ಬರುವವರೆಗೆ ತಡೆಹಿಡಿದಿದ್ದೇನೆ.'

"ಚೆನ್ನಾಗಿದೆ" ಎಂದ ಗಂಡ. "ವಕೀಲರ ಹಾಗೆ ಇದೆ. ಕಳಿಸು." ಎದ್ದು ಸ್ನಾನಕ್ಕೆ ಹೋದ.

ಅಕ್ಕ ಇನ್ನೊಮ್ಮೆ ಓದಿದಳು. ಎಲ್ಲವೂ ಇತ್ತು, ಅವಳ ಉರಿ ಮಾತ್ರ ಇರಲಿಲ್ಲ. ಯಾರದೋ ಮೈಯಳತೆಗೆ ಹೊಲಿದ ಅಂಗಿಯ ಹಾಗೆ ತೋರಿತು. ಸ್ನಾನದ ನೀರಿನ ಸದ್ದು ಶುರುವಾಯಿತು. ಬೆರಳು ತಾನಾಗಿ ಕೊನೆಗೆ ಇಳಿಯಿತು.

'ಮೇಲಿನ ಮನೆಗೆ ಈ ಖರ್ಚು ಇಲ್ಲವೆಂದು ತಿಳಿದುಬಂದಿದೆ. ಮೆಟ್ಟಿಲನ್ನೂ ಅದರ ದೀಪವನ್ನೂ ಬಳಸುವವರು ಅವರು. ಉಪಚಾರ ಮಾಡುವವರಿಗೊಂದು, ದುಡಿಯುವವರಿಗೊಂದು ನ್ಯಾಯ ಇರಬಾರದು. ಅವರಿಗೆ ಬಿಟ್ಟದ್ದನ್ನು ಅವರಿಂದಲೇ ವಸೂಲು ಮಾಡಬೇಕು.'

ಕಳಿಸಿದಳು. ಕಳಿಸಿದ ಕೂಡಲೇ ಹೊಟ್ಟೆಯೊಳಗೆ ತಣ್ಣಗಾಯಿತು. ಎದ್ದು ಪಲ್ಯಕ್ಕೆ ಒಗ್ಗರಣೆ ಹಾಕಿದಳು. ಅದರಲ್ಲಿ ಒಂದು ಬಟ್ಟಲು ಮೇಲಕ್ಕೂ ಕಳಿಸಲೇ ಎಂದು ಯೋಚಿಸಿದ್ದು ಅವಳಿಗೇ ವಿಚಿತ್ರವಾಗಿ ಕಂಡಿತು.

ಮರುದಿನ ಸಂಜೆ ತಂಗಿ ಕೆಲಸದಿಂದ ಬಂದವಳು ಮೆಟ್ಟಿಲ ಕಡೆ ಹೋಗದೆ ನೇರ ಅಕ್ಕನ ಬಾಗಿಲಿಗೆ ಬಂದಳು. ಗಂಡ ಇನ್ನೂ ಬಂದಿರಲಿಲ್ಲ. ಅಕ್ಕ ನೆಲದ ಮೇಲೆ ಹಸಿರು ಬಟ್ಟೆ ಹರಡಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು.

"ಬಾ, ಬಟ್ಟೆ ತುಳೀಬೇಡ. ಟೀ ಇಡ್ತೀನಿ."

"ಬೇಡಕ್ಕ. ನಿನ್ನ ಹೋಟೆಲ್ ಗಿರಾಕಿ ಉತ್ತರ ಬಂತಾ ಅಂತ ಮಧ್ಯಾಹ್ನ ನೋಡ್ದೆ." ತಂಗಿಯ ಸ್ವರ ಮೇಜಿನ ಹಿಂದೆ ಕೂತು ರೋಗಿಗಳೊಡನೆ ಮಾತಾಡುವ ಸ್ವರವಾಗಿತ್ತು. "ನಿನ್ನ ಮೇಲ್ ನನ್ನ ಫೋನಲ್ಲೂ ಇರುತ್ತೆ. ಮರೆತೇಬಿಟ್ಟಿದ್ದೀಯ ನೀನು."

ಸೀಮೆಸುಣ್ಣ ಗೆರೆಯ ಮಧ್ಯದಲ್ಲಿ ನಿಂತಿತು. ಅಕ್ಕನಿಗೆ ಕಿವಿಯವರೆಗೂ ಬಿಸಿಯೇರಿತು. ಸೋಲಬಾರದೆಂದು ತಲೆ ಎತ್ತಿದಳು.

"ಓದಿದ್ರೆ ಒಳ್ಳೇದೇ ಆಯ್ತು. ಅದರಲ್ಲಿ ಸುಳ್ಳೇನಿದೆ? ನೀನೇ ಹೇಳಿದ್ಯಲ್ಲ, ನಿಂಗೆ ಹೆಚ್ಚಾಗಿಲ್ಲ ಅಂತ."

"ಹೌದು, ಹೇಳ್ದೆ."

"ಮತ್ತೆ?"

"ಮತ್ತೇನಿಲ್ಲ. ಉಪಚಾರ ಮಾಡುವವರಿಗೊಂದು ಅಂತ ಬರ್ದಿದ್ದೀಯಲ್ಲ, ಆ ಮನುಷ್ಯಂಗೆ ನಾನು ಕೊಟ್ಟಿದ್ದು ಒಂದು ಲೋಟ ಕಾಫಿ. ವಯಸ್ಸಾದವರು, ಟ್ಯಾಂಕ್ ಹತ್ತಿ ಇಳಿದು ಏದುಸಿರು ಬಿಡ್ತಿದ್ರು." ತಂಗಿ ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. "ಅದನ್ನ ನೀನು ಹೊರಗಿನವರಿಗೆ ಬರೆದು ಕಳಿಸಿದೆ. ಇರಲಿ. ನಮ್ಮ ಆಸ್ಪತ್ರೆ ಹಿಂದಿನ ಬೀದೀಲಿ ಒಂದು ಮನೆ ಖಾಲಿ ಇದೆ. ನಾಳೆ ನೋಡ್ಕೊಂಡು ಬರ್ತೀನಿ. ಹಿಡಿಸಿದ್ರೆ ಅಲ್ಲಿಗೆ ಹೋಗ್ತೀನಿ."

"ಹೋಗು. ಹೆದರಿಸ್ತೀಯಾ?"

"ಹೆದರಿಸ್ತಿಲ್ಲಕ್ಕ. ಹೇಳ್ತಿದ್ದೀನಿ. ಹೇಳದೇ ಕೇಳದೇ ಮಾಡಿದ್ರು ಅಂತ ಆಮೇಲೆ ನೀನು ಅನ್ನಬಾರದಲ್ಲ."

ತಂಗಿ ಬಟ್ಟೆಯನ್ನು ತುಳಿಯದೆ ಅಂಚಿನಲ್ಲೇ ನಡೆದು ಹೊರಗೆ ಹೋದಳು. ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿತು, ಆಮೇಲೆ ತಲೆಯ ಮೇಲೆ ನಡೆದಾಡುವ ಸದ್ದು. ಅಕ್ಕ ಆ ಸದ್ದನ್ನು ಕಿವಿಗೊಟ್ಟು ಕೇಳಿದಳು. ಈಗ ಅಡುಗೆಮನೆ, ಈಗ ಕಿಟಕಿ, ಈಗ ಹಾಸಿಗೆ. ಇದು ನಿಂತುಹೋದರೆ ಈ ಸೂರಿನ ಮೇಲೆ ಯಾರೋ ಅಪರಿಚಿತರು ನಡೆದಾಡುತ್ತಾರೆ. ಅವರ ಮೇಲೆ ಹೊಟ್ಟೆ ಉರಿದುಕೊಳ್ಳುವುದರಲ್ಲಿ ಏನು ಸುಖ?

ರಾತ್ರಿ ಊಟಕ್ಕೆ ಕೂತಾಗ ವಿಷಯ ತಿಳಿದ ಗಂಡ ತುತ್ತು ಕೈಯಲ್ಲೇ ಹಿಡಿದು ಕೇಳಿದ, "ನಾನು ಸ್ನಾನಕ್ಕೆ ಹೋದಾಗ ಸೇರಿಸಿದ್ಯಾ?"

"ಹೂಂ."

"ಇನ್ನು ಮೇಲೆ ನಾನು ಸ್ನಾನ ಬಿಡಬೇಕಾಗುತ್ತೆ."

ಅವಳು ನಗಲಿಲ್ಲ. ಅವನೂ ನಗಿಸುವ ಪ್ರಯತ್ನ ಬಿಟ್ಟ.

ಮಾಲೀಕರು ಉತ್ತರವನ್ನು ಬರೆಯಲಿಲ್ಲ, ತಾವೇ ಬಂದರು. ಮರುದಿನ ಬೆಳಗ್ಗೆ, ತಂಗಿ ಕೆಲಸಕ್ಕೆ ಹೋದ ಮೇಲೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಬಾಗಿಲಲ್ಲಿ ನಿಂತು, ಕೂರುವುದೆಲ್ಲಿ ಎಂದು ನೋಡಿದರು. ಅಕ್ಕ ಒಂದು ಕುರ್ಚಿಯ ಮೇಲಿದ್ದ ಬಟ್ಟೆಯ ಗುಡ್ಡೆಯನ್ನು ಎತ್ತಿ ಮಂಚಕ್ಕೆ ಹಾಕಿದಳು.

"ಕೂತ್ಕೊಳ್ಳಿ ಸರ್."

"ನೋಡಮ್ಮ" ಎಂದರು ಕನ್ನಡಕ ಸರಿಮಾಡಿಕೊಂಡು. "ನಿಮ್ಮ ಮೇಲ್‌ನಲ್ಲಿ ಮೊದಲ ಭಾಗ ಸರಿಯಾಗಿದೆ. ಕರಾರು ತೆಗೆದು ನಾನೂ ನೋಡ್ದೆ. ತಿಳಿಸದೇ ಸೇರಿಸಿದ್ದು ನನ್ನ ತಪ್ಪು. ಕಡೇ ಭಾಗ ಮಾತ್ರ ಸರಿಯಿಲ್ಲ. ಅದಕ್ಕೇ ಬರೆಯೋ ಬದಲು ಬಂದೆ."

"ಏನು ಸರಿಯಿಲ್ಲ ಸರ್? ಮೇಲಿನ ಮನೆಗೆ ಹೆಚ್ಚು ಮಾಡಿಲ್ಲ ತಾನೇ?"

"ಮಾಡೋದಕ್ಕೇನಿದೆ? ಅವರು ಬಂದ ದಿನದಿಂದಲೇ ಕೊಡ್ತಿದ್ದಾರಲ್ಲ."

ಅಕ್ಕನಿಗೆ ಅರ್ಥವಾಗಲಿಲ್ಲ. ಮಾಲೀಕರು ಫೈಲು ಬಿಚ್ಚಿದರು. ಅವರ ಬೆರಳುಗಳು ನಕ್ಷೆಯ ಮೇಲೆ ಓಡಾಡಿ ಪಳಗಿದವು, ಒಂದೊಂದು ಹಾಳೆಯನ್ನೂ ಮೂಲೆ ಮುಟ್ಟಿ ತಿರುವುತ್ತಿದ್ದವು. "ನಿಮ್ಮದು ಹಳೇ ಕರಾರು, ಎಲ್ಲ ಸೇರಿ ಒಂದು ಬಾಡಿಗೆ. ಆಮೇಲೆ ಹೊಸದಾಗಿ ಬರೋವರಿಗೆಲ್ಲ ನಾನು ಬಾಡಿಗೆ ಬೇರೆ, ನಿರ್ವಹಣೆ ಬೇರೆ ಅಂತ ಬರೆಸ್ತೀನಿ. ನಿಮ್ಮ ತಂಗಿ ಸಹಿ ಮಾಡಿರೋದು ಅದಕ್ಕೇ. ಬಾಡಿಗೆ ನಿಮ್ಮಷ್ಟೇ, ಅದರ ಮೇಲೆ ಒಟ್ಟು ಖರ್ಚಲ್ಲಿ ಅರ್ಧ ಅವರು ಕೊಡ್ತಾರೆ. ನಿಮ್ಮ ಅರ್ಧ ಇಷ್ಟು ದಿನ ನನ್ನ ಕೈಯಿಂದ ಹೋಗ್ತಿತ್ತು. ಈಗ ಮೋಟರ್ ಹಾಕಿಸಿ ನನಗೂ ಭಾರ ಆಯ್ತು. ಎರಡೂ ಮನೆಗೆ ಒಂದೇ ಥರ ಇರಲಿ ಅಂತ ನಿಮಗೂ ಸೇರಿಸ್ದೆ."

"ಅವಳು ನಂಗೆ ಹೇಳಿಲ್ಲ."

"ಹೇಳಬೇಡಿ ಅಂತ ನನಗೂ ಹೇಳಿದ್ರು. ನೀವು ಊರಿಗೆಲ್ಲ ಹೇಳಿಕೊಂಡಿದ್ರಂತಲ್ಲ, ನನಗಿರೋ ಬಾಡಿಗೆಗೇ ತಂಗಿಗೂ ಕೊಡಿಸಿದೆ ಅಂತ. 'ಅಕ್ಕ ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳ್ಕೊಂಡಿದ್ದಾಳೆ, ಇರಲಿ ಬಿಡಿ' ಅಂದ್ರು."

ಅಕ್ಕ ಮಂಚದ ಮೇಲಿನ ಬಟ್ಟೆಯನ್ನು ಸುಮ್ಮನೆ ಮಡಚತೊಡಗಿದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ನಾಚಿಕೆಯಾಯಿತು. ಆದರೆ ಅದಕ್ಕಿಂತ ಮೊದಲು, ಅವಳು ತಡೆಯುವುದರೊಳಗೆ, ಇನ್ನೊಂದು ಬಂದು ಹೋಗಿತ್ತು. ಸಿಹಿಯಾದದ್ದು. ಇಷ್ಟು ದಿನ ಕಡಿಮೆ ಕೊಟ್ಟವಳು ತಾನು. ಮಾಲೀಕರ ದಯೆ ಇದ್ದದ್ದು ಕೆಳಗಿನ ಮನೆಗೆ. ಒಂದೇ ಒಂದು ಸಲ ತಂಗಿಗಿಂತ ಹೆಚ್ಚು ಸಿಕ್ಕಿದ್ದು ತನಗೆ. ಆ ಸಿಹಿ ನಾಲಗೆ ಮೇಲೆ ಇರುವಾಗಲೇ ಅದರ ಜೊತೆಗೆ ತಂಗಿಯ ಸ್ವರವೂ ಬಂತು, ಆ ಮೇಜಿನ ಹಿಂದಿನ ಸ್ವರ.

"ಆದ್ರೂ ನೀವು ನನಗೆ ಮೊದಲೇ ತಿಳಿಸಬೇಕಿತ್ತು ಸರ್."

"ಮೋಟರ್ ಹಾಕಿಸಿದ ದಿನ ನಿಮ್ಮ ತಂಗಿಗೆ ಹೇಳಿದ್ನಲ್ಲಮ್ಮ. ಮುಂದಿನ ತಿಂಗಳಿಂದ ಅಕ್ಕನಿಗೂ ಸೇರಿಸ್ತೀನಿ ಅಂತ. ಅಕ್ಕನಿಗೆ ನೀವೇ ಬರೆದು ತಿಳಿಸಿ ಅಂತ ಅವರಂದ್ರು. ನಾನು, ಒಂದೇ ತಾಯಿ ಮಕ್ಕಳು, ಮೇಲೆ ಹೇಳಿದ್ರೆ ಕೆಳಗೆ ಹೇಳಿದ ಹಾಗೇ ಅಲ್ವಾ ಅಂದ್ಕೊಂಡೆ."

"ತಂಗಿಗೆ ಹೇಳಿದ್ದು ನಂಗೆ ಹೇಳಿದ ಹಾಗಾಗಲ್ಲ ಸರ್. ಅವಳ ಬಾಗಿಲು ಬೇರೆ, ನನ್ನ ಬಾಗಿಲು ಬೇರೆ. ಕರಾರೂ ಬೇರೆ ಬೇರೆ ಅಂತ ಈಗ ತಾನೇ ನೀವೇ ಹೇಳಿದ್ರಿ."

ಮಾಲೀಕರು ನಕ್ಕರು. "ಅದು ನ್ಯಾಯ. ಈ ತಿಂಗಳು ಸೇರಿಸಿದ್ದನ್ನ ಬಿಟ್ಟೆ. ಮೇಲ್ ಕಳಿಸ್ತೀನಿ, ಬರವಣಿಗೆಯಲ್ಲಿ ಇರಲಿ. ನಿಮ್ಮ ಅವಧಿ ಮುಗಿಯೋವರೆಗೂ ನೀವು ಕೊಡಬೇಕಾಗಿಲ್ಲ. ನವೀಕರಿಸೋವಾಗ ಸೇರಿಸೋಣ."

"ಮೆಟ್ಟಿಲಿಂದೂ ಅರ್ಧ ನಂದೇನಾ? ನಾನು ಮೆಟ್ಟಿಲು ಹತ್ತೋದೇ ಇಲ್ಲ."

"ಹತ್ತಲ್ವಾ? ತಂಗಿ ಮನೆಗೆ?"

ಮಾಲೀಕರು ಫೈಲು ಮುಚ್ಚಿಕೊಂಡು ಎದ್ದರು. "ಕಡೇ ಭಾಗ ನಾನು ಓದಿಲ್ಲ ಅಂತಲೇ ಇಟ್ಕೊಳ್ಳಿ" ಎಂದು ಹೇಳಿ ಹೋದರು. ಅವರಿಗೆ ಕಾಫಿ ಕೊಡಬೇಕಿತ್ತೆಂಬುದು ಅವರು ಬೀದಿಯ ತಿರುವು ದಾಟಿದ ಮೇಲೆ ಅವಳಿಗೆ ನೆನಪಾಯಿತು.

ಅಂದು ಇಡೀ ದಿನ ಮೆಷಿನ್ ಓಡಿತು. ಹೊಲಿದದ್ದರಲ್ಲಿ ಅರ್ಧ ಬಿಚ್ಚಬೇಕಾಯಿತು. ತಂಗಿ ಈಗ ಮನೆ ನೋಡುತ್ತಿರುತ್ತಾಳೆ. ಈಗ ಬಾಗಿಲು ತೆರೆದು ಒಳಗೆ ಕಾಲಿಡುತ್ತಿರುತ್ತಾಳೆ. ಆ ಮನೆಯ ಒಡತಿ ಅವಳ ಮಾತಿಗೆ ಮರುಳಾಗಿರುತ್ತಾಳೆ. ಯಾರು ತಾನೇ ಆಗುವುದಿಲ್ಲ?

ಸಂಜೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿದ ಮೇಲೆ ಸ್ವಲ್ಪ ತಡೆದು ಅಕ್ಕ ಮೇಲೆ ಹತ್ತಿದಳು. ಕೈಯಲ್ಲಿ ಫೋನು ಬಿಟ್ಟು ಏನೂ ಇರಲಿಲ್ಲ. ಬರಿಗೈಯಲ್ಲಿ ತಂಗಿಯ ಮನೆಗೆ ಹೋದದ್ದು ಅದೇ ಮೊದಲು. ಬಾಗಿಲು ತೆರೆದೇ ಇತ್ತು. ತಂಗಿ ನೆಲದ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು.

"ಓನರ್ ಬಂದಿದ್ರು."

"ಗೊತ್ತು. ಫೋನ್ ಮಾಡಿದ್ರು. ಹೇಳಿಬಿಟ್ಟೆನಮ್ಮ, ಬೇಜಾರು ಮಾಡ್ಕೋಬೇಡಿ ಅಂದ್ರು."

"ಯಾಕೆ ಮುಚ್ಚಿಟ್ಟೆ ನೀನು?"

"ನಿಂಗೆ ಖುಷಿಯಾಗಿತ್ತಲ್ಲ."

"ನನ್ನ ಖುಷಿಗೆ ನೀನು ದುಡ್ಡು ಕೊಡೋದಾ? ಯಾರು ಕೇಳಿದ್ರು ನಿನ್ನ?" ಅಕ್ಕನ ದನಿ ಏರಿತು. ಕ್ಷಮೆ ಕೇಳಲು ಬಂದವಳು ಜಗಳ ಶುರುಮಾಡಿದ್ದಳು. ಆದರೆ ಜಗಳದ ದಾರಿಯಲ್ಲದೆ ಬೇರೆ ದಾರಿ ಅವಳಿಗೆ ತಿಳಿದಿರಲಿಲ್ಲ. "ನೀನು ಒಳ್ಳೆಯವಳಾಗಿ ನನ್ನನ್ನ ಕೆಟ್ಟವಳು ಮಾಡ್ತೀಯ. ಚಿಕ್ಕಂದಿನಿಂದ ಇದೇ ಆಯ್ತು. ಹೇಳಿದ್ರೆ ನಾನು ಎರಡು ದಿನ ಮುಖ ಊದಿಸ್ಕೊಂಡು ಸುಮ್ನಾಗ್ತಿದ್ದೆ. ಈಗ ನೋಡು, ಹೊರಗಿನವರ ಮುಂದೆ ಏನು ಬರ್ದೆ ನಾನು."

"ನಾನು ಹೇಳಿ ಬರೆಸಿದ್ನಾ?"

"ಇಲ್ಲ. ನಾನೇ ಬರ್ದೆ." ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿದಳು. "ಬರೀಬಾರದಿತ್ತು."

ತಂಗಿ ಕಾಲು ಒತ್ತಿಕೊಳ್ಳುತ್ತಲೇ ಇದ್ದಳು. ತಾನು ಬಾಯಿ ಹಾಕದಿದ್ದರೆ ಅಕ್ಕ ಇನ್ನೂ ಏನಾದರೂ ಹೇಳಬಹುದು ಎಂದು ಅವಳಿಗೆ ಗೊತ್ತಿತ್ತು.

"ಮೇಲ್ ಬರೀಬೇಕು" ಎಂದಳು ಅಕ್ಕ, ಫೋನು ಚಾಚುತ್ತಾ. "ನೀನು ಬರಿ. ನಾನು ಹೇಳ್ತೀನಿ."

"ಏನಂತ?"

"ಮೊದಲು ಬರೆದ ಮೇಲ್‌ನ ಕೊನೆಯ ಭಾಗ ತಪ್ಪು, ವಾಪಸ್ ತಗೊಂಡಿದ್ದೀನಿ ಅಂತ. ಅವರು ಓದಿಲ್ಲ ಅಂತ ಇಟ್ಕೊಂಡ್ರೂ ನಾನು ಬರೆದದ್ದು ಬರೆದದ್ದೇ. ಆಮೇಲೆ, ಒಂದು ತಿಂಗಳ ತಿಳಿವಳಿಕೆ ಬರೆದು ಕಳಿಸಲಿ, ಬಿಲ್ಲು ತೋರಿಸಲಿ, ಅದಾದ ಮೇಲಿನ ತಿಂಗಳಿಂದ ನನ್ನ ಅರ್ಧ ನಾನೇ ಕೊಡ್ತೀನಿ, ಅವಧಿ ಮುಗಿಯೋವರೆಗೂ ಕಾಯೋದು ಬೇಡ ಅಂತ."

ತಂಗಿ ತಲೆ ಎತ್ತಿದಳು. "ಕೊಡಬೇಕಾಗಿಲ್ಲ ಅಂತ ಅವರೇ ಹೇಳಿದ್ದಾರಲ್ಲ. ಭಾವನ್ನ ಕೇಳಿದ್ಯಾ?"

"ಫೋನ್ ಮಾಡಿ ಕೇಳ್ದೆ. ಇನ್ನು ಆರಾಮಾಗಿ ಸ್ನಾನಕ್ಕೆ ಹೋಗಬಹುದಾ ಅಂದ್ರು."

"ಸುಮ್ನೆ ಯಾಕಕ್ಕ? ನಿಂಗೆ ಲಾಭ ತಾನೇ?"

"ನಿಂಗಿಂತ ಕಮ್ಮಿ ಕೊಟ್ಕೊಂಡು ಕೆಳಗೆ ಕೂತ್ರೆ ನಾನು ನಿನ್ನ ಮೇಲೆ ಹೊಟ್ಟೆ ಉರ್ಕೊಳ್ಳೋದು ಹೇಗೆ? ಬರಿ, ಸಾಕು."

ತಂಗಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಬೆರಳುಗಳು ಮಳೆಹನಿಗಳ ಹಾಗೆ ಓಡಿದವು. ಅಕ್ಕ ಒಂದು ಬೆರಳಲ್ಲಿ ಅಷ್ಟು ಹೊತ್ತು ಬರೆದದ್ದನ್ನು ಇವಳು ನಾಲ್ಕು ಉಸಿರಲ್ಲಿ ಮುಗಿಸಿದಳು. ಓದಿ ಹೇಳಿದಳು. ಚೆನ್ನಾಗಿತ್ತು. ಗಂಡ ಹೇಳಿ ಬರೆಸಿದ್ದಕ್ಕಿಂತ ಚೆನ್ನಾಗಿತ್ತು.

"ಇನ್ನೊಂದು ಸಾಲು" ಎಂದಳು ಅಕ್ಕ. "ಇನ್ನು ಮುಂದೆ ಏನೇ ಇದ್ರೂ ಎರಡೂ ಮನೆಗೆ ಬೇರೆ ಬೇರೆ ತಿಳಿಸಬೇಕು ಅಂತ."

ತಂಗಿ ಸೇರಿಸಿದಳು, ಕಳಿಸಿದಳು. ಫೋನು ವಾಪಸು ಕೊಟ್ಟು ಮತ್ತೆ ಕಾಲು ಒತ್ತಿಕೊಳ್ಳತೊಡಗಿದಳು. ಅಕ್ಕ ಹೋಗಲಿಲ್ಲ. ಕೇಳಬೇಕಾದದ್ದನ್ನು ಕೇಳಲು ಅವಳಿಗೆ ಇಷ್ಟು ಹೊತ್ತು ಧೈರ್ಯ ಸಾಲದೆ ಹೋಗಿತ್ತು.

"ಆ ಮನೆ ನೋಡಿದ್ಯಾ?"

"ನೋಡ್ದೆ."

"ಅಡ್ವಾನ್ಸ್ ಕೊಟ್ಯಾ?"

"ಇನ್ನೂ ಇಲ್ಲ. ನಾಳೆ ಹೇಳ್ತೀನಿ ಅಂದಿದ್ದೆ."

"ಏನಂತ ಹೇಳ್ತೀಯ?"

ತಂಗಿ ಕಾಲಿನ ಬೆರಳುಗಳನ್ನು ಒಂದೊಂದಾಗಿ ಎಳೆದಳು. "ಬೇಡ ಅಂತ ಹೇಳ್ತೀನಿ. ಅಲ್ಲಿ ಜಗಳ ಆಡೋದಕ್ಕೆ ಯಾರಿದ್ದಾರೆ."

ಅಕ್ಕ ಉಸಿರು ಬಿಟ್ಟಳು. ಚೌಕಟ್ಟಿನಿಂದ ಜಾರಿ ತಂಗಿಯ ಪಕ್ಕದಲ್ಲಿ ನೆಲಕ್ಕೆ ಕೂತು, ಕೇಳದೆ ಅವಳ ಇನ್ನೊಂದು ಪಾದವನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದಳು. ಕತ್ತರಿ ಹಿಡಿದು ಗಟ್ಟಿಯಾದ ಹೆಬ್ಬೆರಳು. ತಂಗಿ ಕಣ್ಣು ಮುಚ್ಚಿದಳು.

"ಹೇಗಿತ್ತು ಮನೆ?"

"ಚೆನ್ನಾಗೇ ಇತ್ತು."

"ಅಡುಗೆಮನೆ?"

"ದೊಡ್ಡದು. ಇಲ್ಲಿರೋದರ ಎರಡರಷ್ಟಿದೆ. ಗೋಡೆ ತುಂಬ ಕಪಾಟು, ಪಾತ್ರೆ ತೊಳೆಯೋ ಕಡೆ ಎರಡು ನಲ್ಲಿ."

ಅಕ್ಕನ ಹೆಬ್ಬೆರಳು ಪಾದದ ನಡುವೆ ನಿಂತುಬಿಟ್ಟಿತು.

"ಎರಡು ನಲ್ಲಿನಾ?" ಎಂದಳು. "ಒಬ್ಬಳಿಗೆ?"